ಬಾಡಿಗೆ ಮನೆಗಳಲ್ಲಿ ಕೀಟ ನಿಯಂತ್ರಣ

ಬಾಡಿಗೆ ಮನೆಗಳಲ್ಲಿ ಕೀಟ ನಿಯಂತ್ರಣ ಎಂದರೆ ಬಾಡಿಗೆಗೆ ಕೊಟ್ಟ ಮನೆಯಲ್ಲಿ ಗೆದ್ದಲು, ಜಿರಳೆ ಮತ್ತು ಸೊಳ್ಳೆಗಳ ಹಾವಳಿಯನ್ನು ತಡೆಯಲು ಮಾಡುವ ಕೆಲಸ, ಅದರ ಕಾಲನಿರ್ಣಯ ಹಾಗೂ ಅದರ ಖರ್ಚನ್ನು ಮಾಲೀಕ ಮತ್ತು ಬಾಡಿಗೆದಾರರ ನಡುವೆ ಹಂಚಿಕೊಳ್ಳುವ ಕ್ರಮ. ಈ ಮೂರು ಕೀಟಗಳು ಮೂರು ಬೇರೆ ಮೂಲಗಳಿಂದ ಬರುತ್ತವೆ. ಗೆದ್ದಲು ನೆಲದಿಂದ, ಜಿರಳೆ ಸಾಮಾನು ಅಥವಾ ಕೊಳವೆಯಿಂದ, ಸೊಳ್ಳೆ ನಿಂತ ನೀರಿನಿಂದ ಹುಟ್ಟುತ್ತದೆ. ಮೂಲ ಯಾರ ಸ್ವಾಧೀನದಲ್ಲಿದೆ ಎಂಬುದನ್ನು ಗುರುತಿಸಿದರೆ ಖರ್ಚು ಯಾರದೆಂಬ ಪ್ರಶ್ನೆ ಬಹುಮಟ್ಟಿಗೆ ಬಗೆಹರಿಯುತ್ತದೆ. ಈ ಲೇಖನವು ಕೊಪ್ಪಳ ಜಿಲ್ಲೆಯ ಕುಷ್ಟಗಿ ಪಟ್ಟಣದ ಹವೆ ಮತ್ತು ಮನೆಗಳನ್ನು ಆಧಾರವಾಗಿಟ್ಟುಕೊಂಡು ಈ ವಿಷಯವನ್ನು ವಿವರಿಸುತ್ತದೆ.

## ಹಿನ್ನೆಲೆ

ಕುಷ್ಟಗಿ ಕೊಪ್ಪಳ ಜಿಲ್ಲೆಯ ತಾಲ್ಲೂಕು ಕೇಂದ್ರ. ಕೊಪ್ಪಳ ಪ್ರತ್ಯೇಕ ಜಿಲ್ಲೆಯಾಗುವ ಮೊದಲು ಇದು ರಾಯಚೂರು ಜಿಲ್ಲೆಗೆ ಸೇರಿತ್ತು. ಇದು ಕಡಿಮೆ ಮಳೆ ಬೀಳುವ ಬಯಲುಸೀಮೆ. ಇಲ್ಲಿ ಎರೆ ಮತ್ತು ಮಸಾರಿ ಎರಡೂ ಬಗೆಯ ಮಣ್ಣುಂಟು. ಎರೆಮಣ್ಣು ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ, ಮಳೆಯಲ್ಲಿ ಉಬ್ಬುತ್ತದೆ. ಇದರಿಂದ ಅಂಥ ನೆಲದ ಮೇಲಿನ ಮನೆಗಳಲ್ಲಿ ನೆಲ ಮತ್ತು ಗೋಡೆ ಕೂಡುವ ಕಡೆ ಸಣ್ಣ ಬಿರುಕುಗಳು ಬೀಳುತ್ತವೆ. ಗೆದ್ದಲು ಒಳಬರುವುದು ಬಹುತೇಕ ಈ ಬಿರುಕುಗಳ ಮೂಲಕವೇ.

ಈ ಭಾಗದ ಬಾಡಿಗೆ ಮನೆಗಳಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಕಲ್ಲುಮಣ್ಣಿನ ಗೋಡೆಯ ಮೇಲೆ ತೊಲೆ, ಜಂತಿ ಹಾಕಿ ಮಣ್ಣು ಹೊದಿಸಿದ ಹಳೆಯ ಮಾಳಿಗೆ ಮನೆಗಳು ಒಂದು ಬಗೆ. ಮರದ ಚೌಕಟ್ಟು ಮತ್ತು ಪ್ಲೈವುಡ್ ಕಪಾಟುಗಳಿರುವ ಆರ್‌ಸಿಸಿ ಮನೆಗಳು ಇನ್ನೊಂದು ಬಗೆ. ನಲ್ಲಿಯ ನೀರು ದಿನವಿಡೀ ಬರುವುದಿಲ್ಲವಾದ್ದರಿಂದ ಎರಡೂ ಬಗೆಯ ಮನೆಗಳಲ್ಲಿ ತೊಟ್ಟಿ, ಡ್ರಮ್ಮು, ಕೊಡಗಳಲ್ಲಿ ನೀರು ತುಂಬಿಡುವುದು ರೂಢಿ. ಸೊಳ್ಳೆಯ ಪ್ರಶ್ನೆ ಇಲ್ಲಿ ಈ ರೂಢಿಗೆ ಅಂಟಿಕೊಂಡಿದೆ.

## ಕಾನೂನಿನ ನೆಲೆ

ಬಾಡಿಗೆ ಮನೆಯ ಕೀಟ ನಿಯಂತ್ರಣದ ಖರ್ಚು ಇಂಥವರದೇ ಎಂದು ಹೆಸರಿಸಿ ಹೇಳುವ ವಿಧಿ 1882ರ ಸ್ವತ್ತು ವರ್ಗಾವಣೆ ಕಾಯ್ದೆಯಲ್ಲಿ ಇಲ್ಲ. ಆದರೆ ಅದರ 108ನೆಯ ಪ್ರಕರಣವು ಮಾಲೀಕ ಮತ್ತು ಬಾಡಿಗೆದಾರರ ಹೊಣೆಗಳನ್ನು ಹೇಳುತ್ತದೆ. ಒಪ್ಪಂದದಲ್ಲಿ ಬೇರೆ ಮಾತು ಇಲ್ಲದಿದ್ದಾಗ ಇವು ಅನ್ವಯವಾಗುತ್ತವೆ.

ಅದರಂತೆ, ಸಾಮಾನ್ಯ ಎಚ್ಚರದಿಂದ ನೋಡಿದರೂ ಬಾಡಿಗೆದಾರನಿಗೆ ಕಾಣದ, ಆದರೆ ಮಾಲೀಕನಿಗೆ ಗೊತ್ತಿರುವ ಮಹತ್ವದ ದೋಷವನ್ನು ಮಾಲೀಕ ಮೊದಲೇ ತಿಳಿಸಬೇಕು. ಬಣ್ಣ ಬಳಿದು ಮುಚ್ಚಿದ ಗೆದ್ದಲು ತಿಂದ ಚೌಕಟ್ಟು ಇಂಥ ದೋಷವೆಂದು ವಾದಿಸಲು ಅವಕಾಶವಿದೆ. ಬಾಡಿಗೆದಾರನು ಸಹಜ ಸವೆತವನ್ನು ಬಿಟ್ಟು ಮನೆಯನ್ನು ತಾನು ಪಡೆದ ಸ್ಥಿತಿಯಲ್ಲಿಯೇ ಹಿಂದಿರುಗಿಸಬೇಕು. ತನ್ನ ತಪ್ಪಿನಿಂದಾದ ದೋಷವನ್ನು, ಅದರ ಬಗ್ಗೆ ತಿಳಿವಳಿಕೆ ಪತ್ರ ಬಂದ ಮೂರು ತಿಂಗಳೊಳಗೆ ಸರಿಪಡಿಸಬೇಕು. ಮಾಲೀಕನು ತಾನು ಮಾಡಲೇಬೇಕಾದ ದುರಸ್ತಿಯನ್ನು ತಿಳಿಸಿದ ಮೇಲೂ ಸಕಾಲದಲ್ಲಿ ಮಾಡದಿದ್ದರೆ ಬಾಡಿಗೆದಾರನೇ ಮಾಡಿಸಿ ಆ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು.

ಇಲ್ಲಿ ‘ಮಾಡಲೇಬೇಕಾದ’ ಎಂಬ ಮಾತು ಮುಖ್ಯ. ಎಲ್ಲ ದುರಸ್ತಿಯೂ ಮಾಲೀಕನದೆಂದು ಆ ಪ್ರಕರಣ ಹೇಳುವುದಿಲ್ಲ. ಯಾವ ದುರಸ್ತಿ ಅವನದೆಂಬುದು ಒಪ್ಪಂದದಿಂದ ಅಥವಾ ಬೇರೆ ಕಾನೂನಿನಿಂದ ಸಿದ್ಧವಾಗಬೇಕು. ಆದ್ದರಿಂದ ಒಪ್ಪಂದ ಪತ್ರದಲ್ಲಿ ಗೆದ್ದಲಿನ ಹೆಸರೇ ಇಲ್ಲದಿದ್ದರೆ, ಬಾಡಿಗೆಯಲ್ಲಿ ಖರ್ಚು ಮುರಿದುಕೊಂಡ ಬಾಡಿಗೆದಾರನು ಬಾಡಿಗೆ ಬಾಕಿ ಉಳಿಸಿಕೊಂಡವನೆಂಬ ಆರೋಪಕ್ಕೆ ಒಳಗಾಗುವ ಸಂಭವವಿದೆ.

ಕೇಂದ್ರ ಸರ್ಕಾರವು 2021ರಲ್ಲಿ ಹೊರಡಿಸಿದ ಮಾದರಿ ಬಾಡಿಗೆ ಕಾಯ್ದೆಯು ದುರಸ್ತಿಗಳನ್ನು ಎರಡು ಪಟ್ಟಿಗಳಾಗಿ ವಿಂಗಡಿಸಿದೆ. ಕಟ್ಟಡದ ರಚನೆಗೆ ಸಂಬಂಧಿಸಿದ ದುರಸ್ತಿ, ಸುಣ್ಣಬಣ್ಣ, ನೀರಿನ ಕೊಳವೆಗಳ ಬದಲಾವಣೆ ಮಾಲೀಕನ ಪಾಲು. ಬಚ್ಚಲ ಕೊಳವೆ ಶುಚಿಮಾಡುವುದು, ಅಡಿಗೆಮನೆಯ ಜೋಡಣೆಗಳ ದುರಸ್ತಿ, ಕಿಟಕಿಯ ಸೊಳ್ಳೆಜಾಲರಿ ಬದಲಿಸುವುದು ಬಾಡಿಗೆದಾರನ ಪಾಲು. ಮಾಲೀಕ ಒಪ್ಪದ ದುರಸ್ತಿಯನ್ನು ಬಾಡಿಗೆದಾರ ಮಾಡಿಸಿ ಮುರಿದುಕೊಳ್ಳಬಹುದು, ಆದರೆ ಒಂದು ತಿಂಗಳಲ್ಲಿ ಮುರಿಯುವ ಮೊತ್ತ ಆ ತಿಂಗಳ ಬಾಡಿಗೆಯ ಅರ್ಧವನ್ನು ಮೀರಬಾರದು. ಇದು ಮಾದರಿಯಷ್ಟೆ. ರಾಜ್ಯವೊಂದು ಅಂಗೀಕರಿಸಿದ ಹೊರತು ಅಲ್ಲಿ ಕಾನೂನಾಗುವುದಿಲ್ಲ. ಆದರೂ ಇಬ್ಬರೂ ಒಪ್ಪಿದರೆ ಇದೇ ವಿಂಗಡಣೆಯನ್ನು ತಮ್ಮ ಒಪ್ಪಂದ ಪತ್ರಕ್ಕೆ ತೆಗೆದುಕೊಳ್ಳಲು ಅಡ್ಡಿಯಿಲ್ಲ.

## ಗೆದ್ದಲು

### ಗುರುತಿಸುವುದು

ಗೆದ್ದಲಿನ ಗೂಡು ನೆಲದಡಿ ಇರುತ್ತದೆ. ಬೆಳಕು ಮತ್ತು ಒಣಗಾಳಿಯನ್ನು ತಾಳಲಾರದ ಕೆಲಸಗಾರ ಹುಳುಗಳು ಗೋಡೆಯ ಮೇಲೆ ಮಣ್ಣಿನ ಕೊಳವೆ ಕಟ್ಟಿಕೊಂಡು ಮರದವರೆಗೆ ಸಾಗುತ್ತವೆ. ಈ ಕೊಳವೆ ಹಳೆಯದೋ ಜೀವಂತವೋ ಎಂದು ತಿಳಿಯಲು ಅದರ ನಡುವೆ ಸುಮಾರು ಎರಡು ಅಂಗುಲ ಕೆರೆದು ಬಿಡಬೇಕು. ನಾಲ್ಕಾರು ದಿನಗಳಲ್ಲಿ ಅದು ಹಸಿಮಣ್ಣಿನಿಂದ ಮತ್ತೆ ಮುಚ್ಚಿಕೊಂಡರೆ ಹುಳುಗಳು ಕೆಲಸದಲ್ಲಿವೆ ಎಂದರ್ಥ. ಮುಚ್ಚದಿದ್ದರೆ ಆ ದಾರಿಯನ್ನು ಅವು ಬಿಟ್ಟಿರಬಹುದು. ಆದರೆ ಬೇರೆ ದಾರಿ ಹಿಡಿದಿರುವುದೂ ಸಾಧ್ಯ, ಆದ್ದರಿಂದ ಚೌಕಟ್ಟನ್ನು ಬಡಿದು ಪೊಳ್ಳು ಸದ್ದು ಬರುವುದೇ ಎಂದೂ ನೋಡಬೇಕು.

ಮುಂಗಾರಿನ ಮೊದಲ ಮಳೆಗಳಲ್ಲಿ ರೆಕ್ಕೆಯ ಗೆದ್ದಲು, ಅಂದರೆ ಈಸಲು, ದೀಪಕ್ಕೆ ಮುತ್ತುತ್ತವೆ. ಹೊರಗಿನಿಂದ ಹಾರಿ ಬಂದವುಗಳಿಂದ ಮನೆಗೆ ಗೆದ್ದಲು ಹತ್ತಿದೆಯೆಂದು ಹೇಳಲಾಗದು. ಮನೆಯೊಳಗಿನ ನೆಲದ ಬಿರುಕಿನಿಂದ ಅಥವಾ ಚೌಕಟ್ಟಿನ ಬುಡದಿಂದಲೇ ಅವು ಎದ್ದರೆ ಗೂಡು ಮನೆಯಡಿಯೇ ಇದೆ. ಮರದಿಂದ ಹಿಟ್ಟಿನಂಥ ನುಣುಪಾದ ಪುಡಿ ಉದುರುತ್ತಿದ್ದು, ಮಣ್ಣು ಕಾಣದಿದ್ದರೆ ಅದು ಗೆದ್ದಲಲ್ಲ, ಮರ ಕೊರೆಯುವ ದುಂಬಿ. ಅದಕ್ಕೆ ನೆಲಕ್ಕೆ ಔಷಧ ಹಾಕಿಸಿದ ಹಣ ವ್ಯರ್ಥ.

### ಚಿಕಿತ್ಸೆ ಮತ್ತು ಅದನ್ನು ಪರಿಶೀಲಿಸುವ ಬಗೆ

ಕಟ್ಟಿ ಮುಗಿದ ಮನೆಗೆ ಗೆದ್ದಲು ನಿರೋಧಕ ಚಿಕಿತ್ಸೆ ಹೇಗೆ ಮಾಡಬೇಕೆಂಬುದನ್ನು ಭಾರತೀಯ ಮಾನಕ ಐಎಸ್ 6313ರ ಮೂರನೆಯ ಭಾಗ ವಿವರಿಸುತ್ತದೆ. ನೆಲ ಮತ್ತು ಗೋಡೆ ಕೂಡುವ ಅಂಚಿನಲ್ಲಿ 30 ಸೆಂಟಿಮೀಟರಿಗೊಂದರಂತೆ 12 ಮಿಲಿಮೀಟರ್ ಅಗಲದ ರಂಧ್ರ ಕೊರೆದು, ನೆಲದಡಿಯ ಮಣ್ಣಿಗೆ ಔಷಧದ ದ್ರಾವಣವನ್ನು ಒತ್ತಡದಿಂದ ಇಳಿಸುತ್ತಾರೆ. ಮಣ್ಣು ಇನ್ನು ಹೀರದು ಎನ್ನುವವರೆಗೆ, ಹೆಚ್ಚೆಂದರೆ ರಂಧ್ರಕ್ಕೆ ಒಂದು ಲೀಟರ್ ಇಳಿಸಿ, ಬಳಿಕ ರಂಧ್ರವನ್ನು ಸಿಮೆಂಟಿನಿಂದ ಮುಚ್ಚುತ್ತಾರೆ. ಚೌಕಟ್ಟು ಗೋಡೆಗೆ ಕೂಡುವ ಕಡೆಯೂ ಓರೆಯಾಗಿ ಸಣ್ಣ ರಂಧ್ರ ಕೊರೆದು ಔಷಧ ತುಂಬುತ್ತಾರೆ. ಇದಕ್ಕೆ ಬಳಸುವ ಔಷಧಗಳಲ್ಲಿ ಶೇ 20ರ ಕ್ಲೋರ್‌ಪೈರಿಫಾಸ್ ಒಂದು. ಲೀಟರ್ ನೀರಿಗೆ ಅದನ್ನು 50 ಮಿ.ಲೀ. ಬೆರೆಸಿದರೆ ಶೇ 1ರ ದ್ರಾವಣವಾಗುತ್ತದೆ. ಶೇ 30.5ರ ಇಮಿಡಾಕ್ಲೋಪ್ರಿಡ್ ಆದರೆ ಲೀಟರಿಗೆ 2.1 ಮಿ.ಲೀ. ಸಾಕು.

ಮನೆಯ ಅಳತೆ ಗೊತ್ತಿದ್ದರೆ ಕೆಲಸ ಸರಿಯಾಗಿ ನಡೆಯಿತೇ ಎಂದು ಯಾರಾದರೂ ಲೆಕ್ಕಹಾಕಬಹುದು. ಗೋಡೆಗುಂಟ ಒಟ್ಟು 36 ಮೀಟರ್ ಅಂಚಿದ್ದರೆ ಸುಮಾರು 120 ರಂಧ್ರಗಳು ಬೇಕು. ದ್ರಾವಣ 120 ಲೀಟರಿನವರೆಗೂ ಹಿಡಿಯಬಹುದು. ಹೆಗಲ ಪಂಪಿನಲ್ಲಿ ಹತ್ತು ಲೀಟರ್ ತಂದು, ಕೊರೆಯದೆ, ಅರ್ಧ ಗಂಟೆಯಲ್ಲಿ ಗೋಡೆಗೆ ಸಿಂಪಡಿಸಿ ಹೋದರೆ ಅದು ಗೆದ್ದಲಿನ ಚಿಕಿತ್ಸೆಯಲ್ಲ. ಕಂಡ ಹುಳುಗಳು ಸಾಯುತ್ತವೆ, ಗೂಡು ಉಳಿಯುತ್ತದೆ, ಕೆಲವು ವಾರಗಳಲ್ಲಿ ಕೊಳವೆ ಮತ್ತೆ ಏಳುತ್ತದೆ.

ನೆಲದಡಿಯ ನೀರಿನ ತೊಟ್ಟಿ ಗೋಡೆಗೆ ಹತ್ತಿಕೊಂಡೇ ಇರುವ ಮನೆಗಳಲ್ಲಿ ಕೊರೆಯುವ ಮೊದಲೇ ಆ ಜಾಗವನ್ನು ಕೆಲಸಗಾರರಿಗೆ ತೋರಿಸಬೇಕು. ತೊಟ್ಟಿಯ ಗೋಡೆಯಲ್ಲಿ ಬಿರುಕಿದ್ದರೆ ಮಣ್ಣಿಗೆ ಇಳಿದ ಔಷಧ ನೀರಿಗೆ ಸೇರುವ ಅಪಾಯವಿದೆ. ತೊಟ್ಟಿ, ಬಾವಿ, ಕೊಳವೆಬಾವಿಗಳ ಪಕ್ಕದ ಮಣ್ಣಿಗೆ ಔಷಧ ಇಳಿಸದೆ ಬಿಡುವುದೇ ಕ್ಷೇಮ.

### ಖರ್ಚು

ಗೆದ್ದಲಿನ ಮೂಲ ನೆಲ ಮತ್ತು ಕಟ್ಟಡ. ಚಿಕಿತ್ಸೆಯ ಫಲವೂ ಬಾಡಿಗೆದಾರ ಹೋದ ಮೇಲೆ ಮನೆಯಲ್ಲೇ ಉಳಿಯುತ್ತದೆ. ಹೀಗಾಗಿ ಇದರ ಖರ್ಚು ಮಾಲೀಕನದಾಗುವುದು ನ್ಯಾಯ. ಇದಕ್ಕೆ ಅಪವಾದಗಳೂ ಉಂಟು. ಬಾಡಿಗೆದಾರನು ಗೋಡೆಗೆ ತಾಗಿಸಿ ಸೌದೆ, ಹಳೆಯ ಪುಸ್ತಕ, ರಟ್ಟಿನ ಪೆಟ್ಟಿಗೆಗಳನ್ನು ತಿಂಗಳುಗಟ್ಟಲೆ ಒಟ್ಟಿ ಕೊಳವೆಯನ್ನು ಮರೆಮಾಡಿದ್ದರೆ, ಅಥವಾ ಕಂಡೂ ತಿಳಿಸದಿದ್ದರೆ, ತಡದಿಂದ ಹೆಚ್ಚಿದ ಹಾನಿಯಲ್ಲಿ ಅವನಿಗೂ ಪಾಲು ಬರುತ್ತದೆ. ಬಾಡಿಗೆದಾರನ ಸ್ವಂತ ಕಪಾಟು, ಮಂಚಗಳ ನಷ್ಟವನ್ನು ಮಾಲೀಕ ಸಾಮಾನ್ಯವಾಗಿ ತುಂಬುವುದಿಲ್ಲ. ದೋಷವನ್ನು ಮುಚ್ಚಿಟ್ಟು ಮನೆ ಕೊಟ್ಟಿದ್ದರೆ ಮಾತ್ರ ಆ ಪ್ರಶ್ನೆ ಏಳುತ್ತದೆ.

## ಜಿರಳೆ

ಮನೆಗಳಲ್ಲಿ ಹೆಚ್ಚಾಗಿ ಕಾಣುವ ಜಿರಳೆಗಳಲ್ಲಿ ಎರಡು ಜಾತಿಗಳು ಮುಖ್ಯ. ಖರ್ಚು ಯಾರದೆಂದು ತಿಳಿಯಲು ಇವುಗಳ ಗುರುತು ಬಹಳ ಉಪಯುಕ್ತ. ಒಂದೂವರೆ ಅಂಗುಲದಷ್ಟು ಉದ್ದದ, ಕೆಂಗಂದು ಬಣ್ಣದ ದೊಡ್ಡ ಜಿರಳೆ ಬಚ್ಚಲ ಕೊಳವೆ, ಗಟಾರ ಮತ್ತು ಶೌಚಗುಂಡಿಯಿಂದ ಮೇಲೆ ಬರುತ್ತದೆ. ಅರ್ಧ ಅಂಗುಲದ, ತಿಳಿಗಂದು ಬಣ್ಣದ, ತಲೆಯ ಹಿಂದೆ ಎರಡು ಕಪ್ಪು ಗೆರೆಗಳಿರುವ ಚಿಕ್ಕ ಜಿರಳೆ ಮನೆಯೊಳಗೇ ಸಂಸಾರ ಹೂಡುತ್ತದೆ. ಅದು ಬರುವುದು ಕಿರಾಣಿ ಪೆಟ್ಟಿಗೆ, ಹಳೆಯ ಫ್ರಿಜ್ಜು, ಮಿಕ್ಸರ್ ಮತ್ತು ಮನೆ ಬದಲಿಸುವಾಗಿನ ಸಾಮಾನುಗಳ ಜೊತೆಗೆ.

ದೊಡ್ಡ ಜಿರಳೆಗೆ ಔಷಧಕ್ಕಿಂತ ದುರಸ್ತಿಯೇ ಮದ್ದು. ಬಚ್ಚಲ ಕಿಂಡಿಗೆ ಜಾಲರಿ ಕೂರಿಸುವುದು, ಒಡೆದ ಚೇಂಬರ್ ಮುಚ್ಚಳ ಬದಲಿಸುವುದು, ಕೊಳವೆ ಗೋಡೆ ಹೊಕ್ಕ ಕಡೆ ಸಂದು ಮುಚ್ಚುವುದು ಇದರಲ್ಲಿ ಸೇರುತ್ತವೆ. ಮುಚ್ಚಳ ಮತ್ತು ಕೊಳವೆ ಮಾಲೀಕನ ಪಾಲು, ಕಿಂಡಿಯನ್ನು ಶುಚಿಯಾಗಿ ಇಟ್ಟುಕೊಳ್ಳುವುದು ಬಾಡಿಗೆದಾರನ ಪಾಲು. ಹಲವು ಮನೆಗಳಿಗೆ ಒಂದೇ ಚೇಂಬರ್ ಇದ್ದರೆ ಒಂದು ಮನೆಗೆ ಮಾತ್ರ ಔಷಧ ಹೊಡೆಸಿ ಪ್ರಯೋಜನವಿಲ್ಲ.

ಚಿಕ್ಕ ಜಿರಳೆಗೆ ಜೆಲ್ ಔಷಧ ಪರಿಣಾಮಕಾರಿ. ಕಪಾಟಿನ ತಿರುಗಣಿ, ಫ್ರಿಜ್ಜಿನ ಹಿಂಬದಿ, ಕಟ್ಟೆಯಡಿಯ ಸಂದುಗಳಲ್ಲಿ ಇದನ್ನು ಸಣ್ಣ ಚುಕ್ಕೆಗಳಾಗಿ ಇಡುತ್ತಾರೆ. ಜೆಲ್ ಇಟ್ಟ ಕಡೆ ಸಿಂಪಡಿಸುವ ಔಷಧ ಬಳಸಬಾರದು, ಬಳಸಿದರೆ ಜಿರಳೆ ಆ ಚುಕ್ಕೆಯ ಹತ್ತಿರ ಸುಳಿಯುವುದಿಲ್ಲ. ಹೆಣ್ಣು ಜಿರಳೆ ಮೂವತ್ತು, ನಲವತ್ತು ಮೊಟ್ಟೆಗಳಿರುವ ಚೀಲವನ್ನು ಮರಿಯಾಗುವವರೆಗೂ ಹೊತ್ತುಕೊಂಡು ತಿರುಗುತ್ತದೆ, ಚೀಲದೊಳಗಿನ ಮೊಟ್ಟೆಗೆ ಔಷಧ ತಾಗುವುದಿಲ್ಲ. ಆದ್ದರಿಂದ ಮೂರರಿಂದ ನಾಲ್ಕು ವಾರಗಳ ನಂತರ ಎರಡನೆಯ ಸಲ ಜೆಲ್ ಇಡಿಸಲೇಬೇಕು. ಒಂದೇ ಭೇಟಿಗೆ ಹಣ ಕೊಟ್ಟು ಮುಗಿಸಿದವರ ಮನೆಯಲ್ಲಿ ಎರಡು ತಿಂಗಳಲ್ಲಿ ಜಿರಳೆ ಮೊದಲಿನಷ್ಟೇ ಆಗುವುದು ಈ ಕಾರಣದಿಂದ.

ಖರ್ಚಿನ ಮಟ್ಟಿಗೆ ಕಾಲವೇ ಸಾಕ್ಷಿ. ಮನೆ ಹೊಕ್ಕ ಮೊದಲ ವಾರದಲ್ಲಿಯೇ ಎಲ್ಲ ವಯಸ್ಸಿನ ಚಿಕ್ಕ ಜಿರಳೆಗಳೂ ಕಪಾಟಿನ ಸಂದುಗಳಲ್ಲಿ ಕಂಡರೆ ಅವು ಹಿಂದಿನ ವಾಸದವು, ಖರ್ಚು ಮಾಲೀಕನದು. ಆರಂಭದಲ್ಲಿ ಇಲ್ಲದೆ ಕೆಲವು ತಿಂಗಳ ನಂತರ ಕಂಡರೆ ಖರ್ಚು ಬಾಡಿಗೆದಾರನದು. ಈ ಗಡಿಯನ್ನು 30 ದಿನವೆಂದು ಒಪ್ಪಂದದಲ್ಲಿ ಬರೆದುಕೊಂಡರೆ ವಾದಕ್ಕೆ ಎಡೆಯಿಲ್ಲ.

## ಸೊಳ್ಳೆ

ಡೆಂಗಿ ಹರಡುವ ಈಡಿಸ್ ಸೊಳ್ಳೆ ಮನೆಯ ಡ್ರಮ್ಮು, ತೊಟ್ಟಿ, ಹೂಕುಂಡದ ತಟ್ಟೆಗಳ ನೀರಿನಲ್ಲಿ ಬೆಳೆಯುತ್ತದೆ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ವಾರಕ್ಕೊಮ್ಮೆ ಪಾತ್ರೆಗಳನ್ನು ಬರಿದು ಮಾಡಬೇಕೆಂಬ ನಿಯಮ ಈ ಲೆಕ್ಕದಿಂದ ಬಂದದ್ದು. ಆದರೆ ನೀರು ಚೆಲ್ಲಿದರಷ್ಟೇ ಸಾಲದು. ಈಡಿಸ್ ತನ್ನ ಮೊಟ್ಟೆಗಳನ್ನು ನೀರಿನ ಮಟ್ಟಕ್ಕಿಂತ ತುಸು ಮೇಲೆ ಪಾತ್ರೆಯ ಒಳಗೋಡೆಗೆ ಅಂಟಿಸುತ್ತದೆ. ಅವು ಒಣಗಿ ತಿಂಗಳುಗಟ್ಟಲೆ ಬದುಕಿದ್ದು, ನೀರು ತಾಗಿದೊಡನೆ ಮರಿಯಾಗುತ್ತವೆ. ಆದ್ದರಿಂದ ಒಳಗೋಡೆಯನ್ನು ನಾರಿನಿಂದ ಉಜ್ಜಿ ತೊಳೆಯಬೇಕು. ನೀರಿನ ಅಭಾವದಿಂದ ವಾರಕ್ಕೊಮ್ಮೆ ಬರಿದುಮಾಡಲಾಗದ ತೊಟ್ಟಿಯನ್ನು ಬಿಗಿಯಾದ ಮುಚ್ಚಳ ಅಥವಾ ಒತ್ತಾದ ಬಟ್ಟೆಯಿಂದ ಮುಚ್ಚಬೇಕು. ಹೊಗೆ ಯಂತ್ರವು ಆ ಹೊತ್ತಿಗೆ ಹಾರುತ್ತಿರುವ ಸೊಳ್ಳೆಗಳನ್ನಷ್ಟೇ ಕೊಲ್ಲುತ್ತದೆ, ನೀರಿನೊಳಗಿನ ಮರಿಗಳಿಗೆ ಏನೂ ಆಗುವುದಿಲ್ಲ.

ಕರ್ನಾಟಕ ಸರ್ಕಾರವು 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ ನಿಯಮಗಳನ್ನು ತಿದ್ದಿತು. ಸೊಳ್ಳೆ ಉತ್ಪತ್ತಿಯಾಗದಂತೆ ನೋಡಿಕೊಳ್ಳುವ ಹೊಣೆಯನ್ನು ಅವು ಮಾಲೀಕನ ಮೇಲೆ ಮಾತ್ರವಲ್ಲದೆ ವಾಸಿಸುವವನ ಮೇಲೂ ಇಟ್ಟಿವೆ. ತಪ್ಪಿದ ಮನೆಗಳಿಗೆ ನಗರ ಪ್ರದೇಶದಲ್ಲಿ 400 ರೂಪಾಯಿ, ಗ್ರಾಮಾಂತರದಲ್ಲಿ 200 ರೂಪಾಯಿ ದಂಡವನ್ನು ಗೊತ್ತುಪಡಿಸಲಾಯಿತು. ಬಾಡಿಗೆ ಮನೆಗೆ ಬಂದಾಗ ಡ್ರಮ್ಮು, ಕೊಡಗಳು ಬಾಡಿಗೆದಾರನ ಹೊಣೆ. ತಾರಸಿಯ ತೊಟ್ಟಿಯ ಒಡೆದ ಮುಚ್ಚಳ ಮತ್ತು ನೆಲದಡಿಯ ತೊಟ್ಟಿಯ ಬಾಯಿ ಮಾಲೀಕನ ಹೊಣೆ. ಕೊಳಕು ನೀರಿನಲ್ಲಿ ಕ್ಯೂಲೆಕ್ಸ್ ಸೊಳ್ಳೆ ಬೆಳೆಯುವ ಬೀದಿಯ ಗಟಾರ ಇಬ್ಬರದೂ ಅಲ್ಲ, ಅದು ಪುರಸಭೆಯ ಕೆಲಸ.

## ವರ್ಷದ ವೇಳಾಪಟ್ಟಿ

ಕುಷ್ಟಗಿಯ ಹವೆಗೆ ಅನುಗುಣವಾಗಿ ವರ್ಷದ ಕೆಲಸವನ್ನು ಹೀಗೆ ಹಂಚಿಕೊಳ್ಳಬಹುದು.

* ಏಪ್ರಿಲ್–ಮೇ: ರೋಹಿಣಿ ಮಳೆಗೆ ಮೊದಲು ಮಾಲೀಕ ಮತ್ತು ಬಾಡಿಗೆದಾರ ಒಟ್ಟಿಗೆ ಚೌಕಟ್ಟು, ತೊಲೆ, ಗೋಡೆಯ ಅಂಚುಗಳನ್ನು ನೋಡುವುದು. ಮಣ್ಣು ಒಣಗಿರುವಾಗ ಔಷಧವನ್ನು ಚೆನ್ನಾಗಿ ಹೀರುವುದರಿಂದ ಗೆದ್ದಲಿನ ಚಿಕಿತ್ಸೆಗೆ ಇದೇ ಸರಿಯಾದ ಕಾಲ. ತೊಟ್ಟಿಗಳ ಮುಚ್ಚಳಗಳನ್ನೂ ಈಗಲೇ ಸರಿಪಡಿಸುವುದು.
* ಜೂನ್–ಅಕ್ಟೋಬರ್: ವಾರಕ್ಕೊಮ್ಮೆ ನೀರಿನ ಪಾತ್ರೆಗಳನ್ನು ಉಜ್ಜಿ ತೊಳೆಯುವುದು. ಈಸಲು ಎದ್ದ ದಿನ, ಎದ್ದ ಜಾಗವನ್ನು ಗುರುತು ಹಾಕಿಕೊಳ್ಳುವುದು.
* ನವೆಂಬರ್: ಮಳೆ ನಿಂತ ಮೇಲೆ ಗೆದ್ದಲಿನ ಎರಡನೆಯ ಪರಿಶೀಲನೆ.
* ಮನೆ ಬದಲಾಗುವಾಗ: ಹಳಬರು ತೆರವು ಮಾಡಿ ಹೊಸಬರು ಬರುವ ನಡುವಿನ ದಿನಗಳಲ್ಲಿ ಜಿರಳೆಗೆ ಜೆಲ್. ಖಾಲಿ ಅಡಿಗೆಮನೆಯಲ್ಲಿ ಈ ಕೆಲಸ ಸುಲಭ.

## ಒಂದು ಉದಾಹರಣೆ

ಕುಷ್ಟಗಿಯಲ್ಲಿ ತಿಂಗಳಿಗೆ 6,000 ರೂಪಾಯಿ ಬಾಡಿಗೆಯ, 11 ತಿಂಗಳ ಒಪ್ಪಂದದ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಬಾಡಿಗೆದಾರರು ಜೂನ್ 1ರಂದು ಬಂದಿದ್ದಾರೆ. ಆಗಸ್ಟ್ ನಡುವಿನಲ್ಲಿ ಮಲಗುವ ಕೋಣೆಯ ಚೌಕಟ್ಟಿನ ಬುಡದಲ್ಲಿ ಮಣ್ಣಿನ ಕೊಳವೆ ಕಾಣುತ್ತದೆ. ಕೆರೆದು ಬಿಟ್ಟ ಭಾಗ ಮೂರನೆಯ ದಿನಕ್ಕೆ ಮುಚ್ಚಿಕೊಳ್ಳುತ್ತದೆ. ಎರಡೂ ದಿನದ ಛಾಯಾಚಿತ್ರಗಳೊಂದಿಗೆ ಅವರು ಮಾಲೀಕರಿಗೆ ಬರೆದು ತಿಳಿಸುತ್ತಾರೆ. ಅದೇ ವೇಳೆಗೆ ಅಡಿಗೆಮನೆಯಲ್ಲಿ ಚಿಕ್ಕ ಜಿರಳೆಗಳೂ ಕಾಣಿಸಿಕೊಂಡಿವೆ.

ಕೋಣೆಗಳ ಅಳತೆ 3 × 3.6 ಮೀಟರಿನ ಎರಡು, 2.4 × 3 ಮೀಟರಿನ ಅಡಿಗೆಮನೆ ಒಂದು. ಗೋಡೆಗುಂಟದ ಅಂಚು 13.2, 13.2 ಮತ್ತು 10.8, ಒಟ್ಟು 37.2 ಮೀಟರ್. ಅಂದರೆ ಸುಮಾರು 124 ರಂಧ್ರಗಳು. ಇಮಿಡಾಕ್ಲೋಪ್ರಿಡ್ ಬಳಸಿದರೆ ಹೆಚ್ಚೆಂದರೆ 260 ಮಿ.ಲೀ. ಔಷಧ. ಗೆದ್ದಲಿನ ಕೆಲಸಕ್ಕೆ 7,500, ಜಿರಳೆಯ ಎರಡು ಭೇಟಿಗಳಿಗೆ 1,200 ರೂಪಾಯಿ ಕೇಳಿದರೆಂದು ಇಟ್ಟುಕೊಳ್ಳೋಣ. ಗೆದ್ದಲಿನ ಮೂಲ ನೆಲದಲ್ಲಿದೆ, ಬಾಡಿಗೆದಾರರು ತಡಮಾಡದೆ ತಿಳಿಸಿದ್ದಾರೆ. ಆದ್ದರಿಂದ 7,500 ರೂಪಾಯಿ ಮಾಲೀಕರದು. ಜಿರಳೆ ಕಂಡದ್ದು ಮೂರನೆಯ ತಿಂಗಳಲ್ಲಿ, ಆದ್ದರಿಂದ 1,200 ರೂಪಾಯಿ ಬಾಡಿಗೆದಾರರದು.

ಮಾಲೀಕರ ಕೈಯಲ್ಲಿ ಹಣವಿಲ್ಲದಿದ್ದರೆ ಬಾಡಿಗೆದಾರರೇ ಮೊದಲು ಕೊಟ್ಟು ಮುರಿದುಕೊಳ್ಳಬಹುದು. ಅರ್ಧ ಬಾಡಿಗೆಯ ಮಿತಿಯನ್ನು ಇಬ್ಬರೂ ಒಪ್ಪಿದ್ದರೆ ಸೆಪ್ಟೆಂಬರಿನಲ್ಲಿ 3,000, ಅಕ್ಟೋಬರಿನಲ್ಲಿ 3,000, ನವೆಂಬರಿನಲ್ಲಿ 1,500 ರೂಪಾಯಿ ಕಳೆದು ಲೆಕ್ಕ ತೀರುತ್ತದೆ. ಒಪ್ಪಿಗೆ ಬರಹದಲ್ಲಿ ಇರಬೇಕು, ಬಾಡಿಗೆ ರಸೀದಿಯಲ್ಲಿ ಮುರಿದ ಮೊತ್ತವನ್ನೂ ಕಾರಣವನ್ನೂ ನಮೂದಿಸಬೇಕು.

## ಒಪ್ಪಂದ ಮತ್ತು ದಾಖಲೆ

ಒಂದು ವರ್ಷಕ್ಕಿಂತ ಕಡಿಮೆ ಅವಧಿಗೆ ಮಾಡಿಕೊಳ್ಳುವ 11 ತಿಂಗಳ ಪತ್ರದಲ್ಲೂ ಈ ಮಾತುಗಳಿಗೆ ನಾಲ್ಕು ಸಾಲು ಸಾಕು: ಮನೆ ಕೊಡುವ ದಿನ ಚೌಕಟ್ಟು ಮತ್ತು ಅಡಿಗೆಮನೆಯ ಸ್ಥಿತಿ, ಗೆದ್ದಲು ಮಾಲೀಕನದೆಂಬುದು, ಜಿರಳೆಗೆ 30 ದಿನದ ಗಡಿ, ತಿಳಿಸಿದ ಎಷ್ಟು ದಿನಗಳಲ್ಲಿ ಕೆಲಸವಾಗಬೇಕು ಮತ್ತು ಆಗದಿದ್ದರೆ ಬಾಡಿಗೆಯಲ್ಲಿ ಮುರಿಯುವ ಮಿತಿ ಎಷ್ಟು ಎಂಬುದು.

ಹಣ ಪಡೆದು ಕೀಟ ನಿಯಂತ್ರಣ ಮಾಡುವವರು 1968ರ ಕೀಟನಾಶಕ ಕಾಯ್ದೆಯಡಿ ಪರವಾನಗಿ ಪಡೆದಿರಬೇಕು. ಅವರಿಂದ ಔಷಧದ ಹೆಸರು, ಪ್ರಮಾಣ, ದಿನಾಂಕ ಮತ್ತು ಖಾತರಿಯ ಅವಧಿ ಬರೆದ ರಸೀದಿಯನ್ನು ಪಡೆದು, ಒಂದು ಪ್ರತಿಯನ್ನು ಬಾಡಿಗೆದಾರ, ಇನ್ನೊಂದನ್ನು ಮಾಲೀಕ ಇಟ್ಟುಕೊಳ್ಳಬೇಕು. ಖಾತರಿಯ ಅವಧಿಯಲ್ಲಿ ಗೆದ್ದಲು ಮರಳಿದರೆ ಉಚಿತವಾಗಿ ಮತ್ತೆ ಮಾಡಿಸಿಕೊಳ್ಳಲು ಈ ರಸೀದಿಯೇ ಆಧಾರ. ಬಾಡಿಗೆದಾರ ಮನೆ ಬಿಡುವಾಗ ಮುಂಗಡದಲ್ಲಿ ಮಾಲೀಕ ಗೆದ್ದಲಿನ ಹಾನಿಯೆಂದು ಹಣ ಹಿಡಿಯಲು ಹೊರಟರೆ ಉತ್ತರವಾಗಿ ತೋರಿಸಬೇಕಾದದ್ದೂ ಇದನ್ನೇ.